ಚಂದ್ರನ ಮುಂದಿನ ರೈಟ್ ಗುರುತು

ಸ್ನೇಹಲಳ ಕೇಸ್ ಸ್ಟಡಿ ವರದಿ ಮೂವತ್ತೆಂಟು ಪುಟ ಆಗಿತ್ತು. ಅದರಲ್ಲಿ ಎಲ್ಲವೂ ಚೆನ್ನಾಗಿತ್ತು, ಪೇಶಂಟ್ ಒಬ್ಬನನ್ನು ಬಿಟ್ಟು. ಆದರೆ ಅದು ಅವಳಿಗೆ ಗೊತ್ತಾದದ್ದು ತಡವಾಗಿ.

ಸೊಲ್ಲಾಪುರದ ನವಿ ಪೇಠದ ಬಟ್ಟೆ ವ್ಯಾಪಾರಿಯ ಮಗಳು ಅವಳು. ಆಹಾರಶಾಸ್ತ್ರದ ಕೊನೆಯ ವರ್ಷ. ಅಲ್ಲಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಪಾಲಿಗೆ ಬಂದವರು ಅಕ್ಕಲಕೋಟೆ ಕಡೆಯ ಸಾತಲಿಂಗಪ್ಪ. ಎಂಟೆಕರೆ ಕಬ್ಬು, ಮಾತಿಗೊಂದು ನಗೆ, ಹನ್ನೆರಡು ವರ್ಷದ ಕುಡಿತ. ಕುಡಿಯುವುದನ್ನು ಬಿಟ್ಟು ಎರಡು ವರ್ಷವಾಗಿತ್ತು, ಆದರೆ ಲಿವರ್ ಅಷ್ಟರಲ್ಲೇ ಗಂಟುಗಟ್ಟಿತ್ತು. ಹೊಟ್ಟೆಯಲ್ಲಿ ನೀರು ತುಂಬಿ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಡಾಕ್ಟರು ಸೂಜಿ ಹಾಕಿ ನೀರು ತೆಗೆದರು, ಮಾತ್ರೆ ಬರೆದರು, ಊಟದ ವಿಷಯ ಸ್ನೇಹಲಳಿಗೆ ಬಿಟ್ಟರು.

ಅವಳು ಓದಿದ್ದನ್ನೆಲ್ಲ ಮಾಡಿದಳು. ತೂಕದಲ್ಲಿ ನೀರಿನ ಪಾಲು ಕಳೆದು ಅರವತ್ತು ಕಿಲೋ ಎಂದು ಹಿಡಿದಳು. ದಿನಕ್ಕೆ ಎಪ್ಪತ್ತೆರಡು ಗ್ರಾಂ ಪ್ರೋಟೀನ್. ಸೋಡಿಯಂ ಎರಡು ಗ್ರಾಂ, ಅಂದರೆ ಇಡೀ ದಿನಕ್ಕೆ ಒಂದು ಚಮಚ ಉಪ್ಪು. ಮಲಗುವ ಮುಂಚೆ ಒಂದು ಖಡಕ್ ರೊಟ್ಟಿ, ಒಂದು ಲೋಟ ಹಾಲು.

"ಕಾಕೂ, ಇದನ್ನ ಮಾತ್ರ ಬಿಡಬ್ಯಾಡ್ರಿ," ಎಂದು ಅವಳು ಸಾತಲಿಂಗಪ್ಪನ ಹೆಂಡತಿ ಉಮಾಬಾಯಿಗೆ ಹೇಳಿದ್ದಳು. "ನಮ್ಮ ಲಿವರ್ ರಾತ್ರಿಗಂತ ಶಕ್ತಿ ಕೂಡಿಸಿಟ್ಟಿರತದ. ಕಾಕಾಂದು ಕೂಡಿಸಿಡೂದಿಲ್ಲ. ಒಂದು ರಾತ್ರಿ ಖಾಲಿ ಹೊಟ್ಟಿ ಮಲಗಿದ್ರ, ನಾವು ಎರಡ್ಮೂರು ದಿನ ಉಪಾಸ ಇದ್ಹಾಂಗ. ಮೈಯಾಗಿನ ಮಾಂಸ ಕರಗತದ."

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಹುಡುಗಿಗೆ ಉತ್ಸಾಹ. "ಉಪ್ಪು ಆದಷ್ಟು ಕಮ್ಮಿ ಮಾಡ್ರಿ. ಪೂರಾ ಬಿಟ್ರ ಇನ್ನೂ ಛಲೋ," ಎಂದುಬಿಟ್ಟಳು. ಆಮೇಲೆ ಊರಿಗೆ ಹೊರಟವರ ಕೈಯಲ್ಲಿ ಒಂದು ಹಾಳೆ ಕೊಟ್ಟಳು. ತಾರೀಖಿನ ಮುಂದೆ ಬೇಳೆಯ ಬಟ್ಟಲು, ಹಾಲಿನ ಲೋಟ, ಉಪ್ಪಿನ ಚಮಚ, ಕೊನೆಗೆ ರಾತ್ರಿಯ ತಿಂಡಿಗೆಂದು ಚಂದ್ರನ ಚಿತ್ರ. ಉಮಾಬಾಯಿ ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆ, ಅಂದರೆ ನಾಲ್ಕನೇ ತರಗತಿ, ಮುಗಿಸಿದವರು, ಮರಾಠಿ ಓದಲು ಬರದು; ಸ್ನೇಹಲಳಿಗೆ ಕನ್ನಡ ಮಾತು ಬಂದರೂ ಬರೆಯಲು ಬರದು. ಹಾಗಾಗಿ ಬರೀ ಚಿತ್ರ. ಮಾಡಿದ್ದಕ್ಕೆ ಒಂದು ರೈಟ್ ಗುರುತು ಹಾಕಿದರೆ ಆಯಿತು.

"ತಪ್ಪದ ತುಂಬರಿ ಕಾಕೂ," ಎಂದು ಕೈ ಹಿಡಿದು ಬೇಡಿಕೊಂಡಳು. "ಇದರ ಮ್ಯಾಲೇ ನನ್ನ ಮಾರ್ಕ್ಸ್. ಖಾಲಿ ಇದ್ರ ನಾ ನಾಪಾಸ ಆಗ್ತೀನಿ."

ಹೀಗೆ ಹೇಳಿದರೆ ಪೇಶಂಟಿನ ಮನೆಯವರು ಮರೆಯುವುದಿಲ್ಲ ಎಂಬುದು ಕಾಲೇಜಿನ ಹುಡುಗಿಯರು ಒಬ್ಬರಿಂದೊಬ್ಬರು ಕಲಿತ ಉಪಾಯ. ಅದು ಫಲಿಸಿತು. ಅದೇ ಮುಳುವಾಯಿತು.

ಮೊದಲ ತಿಂಗಳ ಹಾಳೆ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಬಂತು. ಒಂದು ಖಾನೆಯೂ ಖಾಲಿ ಇರಲಿಲ್ಲ. ಸ್ನೇಹಲ ಕುಣಿದಾಡಿದಳು. 'ರೋಗಿಯ ಸಹಕಾರ ಅತ್ಯುತ್ತಮ' ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಗೈಡ್ ನಂದಾ ಮೇಡಂ ಮಾತ್ರ ಕನ್ನಡಕದ ಮೇಲಿಂದ ನೋಡಿ, "ಹಾಳೆ ನೋಡಿದಿ, ತೋಳು ಅಳದಿ ಏನು?" ಎಂದರು.

ಆರು ವಾರದ ಅಳತೆಗೆಂದು ಹದಿನೆಂಟನೇ ತಾರೀಖು ಅವಳು ಬಸ್ ಹತ್ತಿದಳು. ಕುಂಭಾರಿ ದಾಟಿತು, ಅಕ್ಕಲಕೋಟೆಯಲ್ಲಿ ಬಸ್ ಬದಲಾಯಿಸಿ ಮಧ್ಯಾಹ್ನದ ಹೊತ್ತಿಗೆ ಮನೆ ಮುಟ್ಟಿದಳು. ಸಾತಲಿಂಗಪ್ಪ ಪಡಸಾಲೆಯಲ್ಲಿ ಮಲಗಿದ್ದರು. ಎಬ್ಬಿಸಿದರೆ ನಕ್ಕರು, ಆದರೆ ಇವಳು ಯಾರೆಂದು ನೆನಪಿಸಿಕೊಳ್ಳಲು ಹೊತ್ತು ಹಿಡಿಯಿತು.

ತೂಕ ಒಂದೇ ಕಿಲೋ ಇಳಿದಿತ್ತು. ನೀರು ನಿಂತ ಹೊಟ್ಟೆ ತಕ್ಕಡಿಯಿಂದಲೂ ಸುಳ್ಳು ಹೇಳಿಸುತ್ತದೆ. ತೋಳಿಗೆ ಟೇಪು ಸುತ್ತಿದಳು. ಆಸ್ಪತ್ರೆಯಲ್ಲಿ ಅಳೆದಾಗ ಇಪ್ಪತ್ಮೂರೂವರೆ ಸೆಂಟಿಮೀಟರ್, ಇಂದು ಇಪ್ಪತ್ತೊಂದು. ತಪ್ಪಿರಬೇಕೆಂದು ಮೂರು ಸಲ ಸುತ್ತಿದಳು. ಟೇಪು ಮೂರು ಸಲವೂ ಅದನ್ನೇ ಹೇಳಿತು.

"ಈ ತಿಂಗಳ ಹಾಳಿ ಕೊಡ್ರಿ ಕಾಕೂ."

ದೇವರ ಜಗುಲಿಯ ಮೇಲೆ, ವಿಭೂತಿ ಗಟ್ಟಿಯ ಕೆಳಗೆ ಮಡಚಿಟ್ಟಿದ್ದ ಹಾಳೆ ಬಂತು. ಪ್ರತಿ ಖಾನೆಯಲ್ಲೂ ರೈಟ್. ಚಂದ್ರನ ಮುಂದೆಯೂ ರೈಟ್. ಹದಿನೇಳಕ್ಕೆ ರೈಟ್, ಹದಿನೆಂಟಕ್ಕೆ ರೈಟ್, ಹತ್ತೊಂಬತ್ತಕ್ಕೆ ರೈಟ್. ಮೂವತ್ತನೇ ತಾರೀಖಿನವರೆಗೂ ಅದೇ ಪೆನ್ನು, ಅದೇ ಓರೆ.

ಇನ್ನೂ ಬಾರದ ಹದಿಮೂರು ರಾತ್ರಿಗಳಲ್ಲಿ ಸಾತಲಿಂಗಪ್ಪ ಹಾಲು ಕುಡಿದು ರೊಟ್ಟಿ ತಿಂದಾಗಿತ್ತು.

ಸ್ನೇಹಲ ತಲೆ ಎತ್ತಿದಳು. ಉಮಾಬಾಯಿ ಸೆರಗಿನ ತುದಿ ಹಿಂಡುತ್ತಿದ್ದರು.

"ಸಿಟ್ಟಾಗಬ್ಯಾಡ ತಂಗಿ. ನೀ ಬರಾಕಿ ಅಂತ ನಿನ್ನಿ ಪೂರಾ ತುಂಬಿಟ್ಟೆ. ಖಾಲಿ ಇದ್ರ ನಾಪಾಸ ಮಾಡ್ತಾರಂದಿದ್ದಿ."

"ಮತ್ತ ಕಾಕಾ ಏನು ತಿಂತಾರ್ರಿ?"

"ಏನು ತಿಂತಾರ! ಉಪ್ಪು ಪೂರಾ ಬಿಟ್ಟೀವಿ, ನೀ ಹೇಳಿದ್ಹಾಂಗ. ಒಂದು ಹರಳೂ ಹಾಕಿಲ್ಲ, ದೇವರಾಣಿ. ಅದೇ ಆತು ನೋಡು. ಸಪ್ಪನ ಬ್ಯಾಳಿ ಗಂಟಲದಾಗ ಇಳಿವಲ್ದು ಅಂತಾರ. ಎರಡು ತುತ್ತು ಉಂಡು ಕೈ ತೊಳಿತಾರ. ಕೈ ತೊಳದ ಮ್ಯಾಲ ಮತ್ತೇನು ತಿನ್ನೂದು ಅಂತ ಹಾಲು ಮುಟ್ಟಂಗಿಲ್ಲ. ನಾ ಎಷ್ಟಂತ ಬಡದಾಡಲಿ?"

ಸ್ನೇಹಲ ಹಾಳೆಯ ಮೇಲಿನ ಉಪ್ಪಿನ ಚಮಚದ ಚಿತ್ರ ನೋಡಿದಳು. ಒಂದು ಚಮಚ ಉಪ್ಪಿಗೆ ಅವಕಾಶವಿತ್ತು. ಆ ಉಪ್ಪು ಹಾಕಿದ್ದರೆ ಬೇಳೆ ಇಳಿಯುತ್ತಿತ್ತು. ಬೇಳೆ ಇಳಿದಿದ್ದರೆ ತೋಳು ಇಷ್ಟು ಸೊರಗುತ್ತಿರಲಿಲ್ಲ. ಹಾಳೆ ಖಾಲಿ ಬಂದಿದ್ದರೆ ಮೊದಲ ತಿಂಗಳೇ ಓಡಿ ಬರುತ್ತಿದ್ದಳು. ಯಾರ ಮೇಲೆ ಸಿಟ್ಟಾಗುವುದು? ಉಮಾಬಾಯಿ ಹೇಳಿದ ಮಾತನ್ನು ಪಾಲಿಸಿದ್ದರು, ಬೇಡಿಕೊಂಡದ್ದನ್ನು ಕೊಟ್ಟಿದ್ದರು. ತಪ್ಪೆಲ್ಲ ತನ್ನ ಬಾಯಿಂದಲೇ ಹೊರಟದ್ದು.

"ಹಗಲೆಲ್ಲ ಹಿಂಗ ನಿದ್ದಿ ಮಾಡ್ತಾರೇನ್ರಿ?"

"ಹೂಂ. ರಾತ್ರಿ ಎದ್ದು ಕುಂದರತಾರ. ಮೊನ್ನಿ ನಮ್ಮ ಹೊಲದ ಕಡಿ ಹೋಗೂ ಹಾದಿನೇ ಮರತಿದ್ರು."

"ಕಾಕಾ, ಎರಡೂ ಕೈ ಮುಂದ ಚಾಚಿ ಹಿಡೀರಿ, ಯಾರನ್ನೋ ತಡದ್ಹಾಂಗ ಅಂಗೈ ಎತ್ತಿ," ಎಂದಳು. ಕೈಗಳು ನಿಲ್ಲಲಿಲ್ಲ, ಮಣಿಕಟ್ಟು ತಟಕ್ಕನೆ ಬೀಳುತ್ತಿತ್ತು, ಏಳುತ್ತಿತ್ತು. ಲಿವರಿನ ವಿಷ ತಲೆಗೆ ಏರುತ್ತಿದೆ ಎಂಬುದಕ್ಕೆ ಇದು ಗುರುತೆಂದು ಪುಸ್ತಕದಲ್ಲಿತ್ತು. ಪುಸ್ತಕದಲ್ಲಿ ಅದು ಒಂದೂವರೆ ಸಾಲು.

ಜೀಪು ಸಿಕ್ಕು ಸೊಲ್ಲಾಪುರ ಮುಟ್ಟುವಾಗ ಸಾತಲಿಂಗಪ್ಪ ಕರೆದರೆ ಕಣ್ಣು ಬಿಡುತ್ತಿದ್ದರು, ಅಷ್ಟೇ. ಡಾಕ್ಟರು ಮೂಗಿಗೆ ನಳಿಗೆ ಹಾಕಿಸಿ, ವಿಷ ಹೊರಬೀಳಲೆಂದು ಹೊಟ್ಟೆ ಸಡಿಲಾಗುವ ಔಷಧಿ ಶುರು ಮಾಡಿದರು. "ಪ್ರೋಟೀನ್ ನಿಲ್ಲಿಸಬ್ಯಾಡ್ರಿ, ನಳಿಗಿಯಿಂದ ಸ್ವಲ್ಪ ಸ್ವಲ್ಪ ಕೊಡ್ರಿ," ಎಂದರು. ಆಮೇಲೆ ಸ್ನೇಹಲಳನ್ನು ಪಕ್ಕಕ್ಕೆ ಕರೆದು, "ಮೈಯಾಗ ಏನೂ ಉಳದಿಲ್ಲ. ನೋಡೂಣು," ಎಂದರು. ಆ 'ನೋಡೂಣು' ಅವಳಿಗೆ ಅರ್ಥವಾಯಿತು.

ಮರುದಿನ ಅವಳು ನಂದಾ ಮೇಡಂ ಎದುರು 'ಅತ್ಯುತ್ತಮ' ಎಂಬ ಸಾಲನ್ನು ಹೊಡೆದುಹಾಕಿದಳು. ಹಾಳೆಗಳು ಸುಳ್ಳೆಂದೂ ಆ ಸುಳ್ಳನ್ನು ತಾನೇ ಬೇಡಿ ತಂದದ್ದೆಂದೂ ಬರೆದಳು. ಮೇಡಂ ಎರಡು ಸಲ ಓದಿ ಸಹಿ ಹಾಕಿದರು. ಮಾರ್ಕ್ಸ್ ಬರಲು ಇನ್ನೂ ಇಪ್ಪತ್ತು ದಿನವಿತ್ತು. ಅದನ್ನು ಕಾಯುವ ಆಸೆ ಅವಳಲ್ಲಿ ಉಳಿದಿರಲಿಲ್ಲ.

ನಾಲ್ಕನೇ ದಿನ ವಾರ್ಡಿಗೆ ಹೋದಾಗ ಉಮಾಬಾಯಿ ಗಂಡನ ಕಡ್ಡಿಯಂಥ ಕೈ ಹಿಡಿದು ಕೂತಿದ್ದರು. ಕರೆದರೆ ಸಾತಲಿಂಗಪ್ಪ ಈಗ ಕಣ್ಣೂ ಬಿಡುತ್ತಿರಲಿಲ್ಲ. ಸ್ನೇಹಲ ಕ್ಷಮೆ ಕೇಳಬೇಕೆಂದೇ ಬಂದಿದ್ದಳು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಎದುರು ನಿಂತಾಗ ಸಾತಲಿಂಗಪ್ಪನ ಕಾಲ ಮೇಲಿನ ಹೊದಿಕೆ ಸರಿಪಡಿಸಿದಳು.

ಉಮಾಬಾಯಿಯೇ ಕೇಳಿದರು.

"ತಂಗಿ, ನಿನ್ನ ಪರೀಕ್ಷಾ ಏನಾತು? ನನ್ನ ಸಲುವಾಗಿ ನಾಪಾಸ ಆದಿ ಏನ?"

"ಇಲ್ರಿ ಕಾಕೂ," ಎಂದಳು ಸ್ನೇಹಲ. "ಪಾಸ ಆದೆ."

"ಛಲೋ ಆತು," ಎಂದು ಉಮಾಬಾಯಿ ಕಣ್ಣೊರೆಸಿಕೊಂಡರು. "ಕೇಳಿದ್ರೇನ್ರಿ? ಹುಡುಗಿ ಪಾಸ ಆದ್ಳಂತ," ಎಂದು ಗಂಡನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದರು.