ಸಿ ಒತ್ತಿದರೆ ಬಿ ಬಂತು

ಕುಮಾರಸ್ವಾಮಿ ಲೇಔಟ್‌ನಲ್ಲಿ ಬದರಿನಾಥ್ ಅವರದೊಂದು ಸಣ್ಣ ಕಾರ್ಖಾನೆ ಇತ್ತು. ಆಸ್ಪತ್ರೆ ಮಂಚಗಳಿಗೆ ಬೇಕಾದ ಬ್ರಾಕೆಟ್ಟು, ಕೊಂಡಿ, ಪಕ್ಕದ ಕಂಬಿಗಳನ್ನು ಅಲ್ಲಿ ಮಾಡುತ್ತಿದ್ದರು. ಶೈಲಶ್ರೀ ಅಲ್ಲಿಗೆ ಸೇರಿ ಎರಡು ವರ್ಷವಾಗಿತ್ತು. ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಅಕ್ಕನ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಡ್ರಾಯಿಂಗ್‌ಗಳ ಲೆಕ್ಕ ಇಡುವುದು ಅವಳ ಕೆಲಸ: ಯಾವ ಭಾಗಕ್ಕೆ ಯಾವ ಡ್ರಾಯಿಂಗ್, ಅದು ಎಷ್ಟನೇ ಸಲ ತಿದ್ದಿದ್ದು, ಎಲ್ಲಿದೆ ಎಂದೆಲ್ಲ.

2003ರ ಜೂನ್ ತಿಂಗಳ ಒಂದು ಸೋಮವಾರ ಮುನ್ನೂರು ಬ್ರಾಕೆಟ್ಟುಗಳು ವಾಪಸ್ಸು ಬಂದವು. ತೂತು ಆರು ಮಿಲಿಮೀಟರ್ ಆಚೆ ಬಿದ್ದಿತ್ತು; ಮಂಚಕ್ಕೆ ಕೂರಿಸಿದರೆ ಕಂಬಿ ಸರಿಯಾಗಿ ಕಚ್ಚಿಕೊಳ್ಳುತ್ತಿರಲಿಲ್ಲ. ಮಲಗಿದ ರೋಗಿ ಹೊರಳಿ ಬಿದ್ದರೆ ಏನು ಗತಿ ಎಂದು ಗಿರಾಕಿ ಕಂಪನಿಯವರು ಕಾಗದ ಬರೆದಿದ್ದರು.

ಯಂತ್ರಗಳ ಮೇಸ್ತ್ರಿ ಉಗ್ರಪ್ಪ ಉತ್ತರಹಳ್ಳಿಯವನು, ಮಾತು ಬಿರುಸು. ಎಣ್ಣೆ ಹತ್ತಿದ ಪ್ರಿಂಟೊಂದನ್ನು ತಂದು ಶೈಲಶ್ರೀಯ ಮೇಜಿನ ಮೇಲೆ ಇಟ್ಟ.

"ನೋಡಮ್ಮಾ, ಇದ್ರಲ್ಲಿ ಏನಿದ್ಯೋ ಅದನ್ನೇ ಹೊಡೆದಿದ್ದೀನಿ. ನಿಮ್ ಲಿಸ್ಟಲ್ಲಿ 'ಸಿ' ಅಂತಿತ್ತು. ಒತ್ತಿದೆ, ತೆರೀತು, ಪ್ರಿಂಟ್ ತಗೊಂಡೆ. ಇನ್ನೇನ್ ಮಾಡ್ಬೇಕಿತ್ತು ನಾನು?"

ಪ್ರಿಂಟಿನ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಬಿ' ಎಂದಿತ್ತು. ಅದು ಹಿಂದಿನ ವರ್ಷದ ಡ್ರಾಯಿಂಗ್.

ಆ ಲಿಸ್ಟ್ ಎಕ್ಸೆಲ್‌ನಲ್ಲಿತ್ತು, ಎಲ್ಲರ ಕಂಪ್ಯೂಟರಿನಿಂದಲೂ ತೆರೆಯುವಂತೆ. ಮೊದಲ ಹಾಳೆಯಲ್ಲಿ ಗಿರಾಕಿಗಳ ಹೆಸರು. ಒಂದೊಂದು ಹೆಸರನ್ನು ಒತ್ತಿದರೆ ಆ ಗಿರಾಕಿಯ ಹಾಳೆಗೇ ಜಿಗಿಯುತ್ತಿತ್ತು. ಅಲ್ಲಿ ಭಾಗದ ನಂಬರಿನ ಪಕ್ಕದ ಕೋಶದಲ್ಲಿ ಎ, ಬಿ, ಸಿ ಎಂದು ತಿದ್ದುಪಡಿಯ ಅಕ್ಷರ, ನೀಲಿ ಬಣ್ಣದಲ್ಲಿ, ಕೆಳಗೆ ಗೆರೆ. ಅದನ್ನು ಒತ್ತಿದರೆ ಡ್ರಾಯಿಂಗ್ ಕಡತವೇ ತೆರೆಯುತ್ತಿತ್ತು. ಲಿಂಕು ಎನ್ನುವ ಈ ಕೊಂಡಿಗಳನ್ನೆಲ್ಲ ಕೂತು ಹಾಕಿದವನು ಡ್ರಾಯಿಂಗ್ ಬರೆಯುವ ಮುತ್ತುರಾಜ. ಅದಕ್ಕಿಂತ ಮುಂಚೆ ಉಗ್ರಪ್ಪ ಒಂದು ಪ್ರಿಂಟಿಗೆ ಅರ್ಧ ಗಂಟೆ ಫೋಲ್ಡರುಗಳನ್ನು ತಡಕಾಡುತ್ತಿದ್ದ.

ಮಧ್ಯಾಹ್ನ ಬದರಿನಾಥ್ ಅವಳನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು. ಜಯನಗರದ ಹಳೇ ಮನೆತನದವರು, ಯಾವತ್ತೂ ಗದರಿದವರಲ್ಲ.

"ಮುತ್ತುರಾಜ ರಿಸೈನ್ ಮಾಡಿರೋದು ಗೊತ್ತಲ್ಲಮ್ಮಾ ನಿಂಗೆ?"

"ಗೊತ್ತೈತ್ರಿ ಸರ್."

"ಪುಟ್ಟೇನಹಳ್ಳಿ ಹತ್ರ ನಮ್ಮ ಥರದ್ದೇ ಇನ್ನೊಂದು ಯೂನಿಟ್ ಇದೆ. ಅಲ್ಲಿಗೇ ಹೋಗ್ತಿದ್ದಾನೆ. ಆ ಲಿಂಕು ಗಿಂಕು ಎಲ್ಲ ಗೊತ್ತಿರೋದು ಅವನೊಬ್ಬನಿಗೇ. ನಾನೇನೂ ಹೇಳ್ತಿಲ್ಲ. ಸ್ವಲ್ಪ ಕಣ್ಣಿಟ್ಟಿರು, ಅಷ್ಟೆ."

ಶೈಲಶ್ರೀ ತಲೆಯಾಡಿಸಿ ಹೊರಬಂದಳು. ಅವತ್ತಿನಿಂದ ಮುತ್ತುರಾಜ ಮಾಡಿದ್ದೆಲ್ಲ ಅವಳಿಗೆ ಬೇರೆಯೇ ಕಾಣತೊಡಗಿತು. ಫೋನ್ ಬಂದರೆ ಅವನು ಹೊರಗೆ ಹೋಗಿ ಮಾತಾಡುತ್ತಿದ್ದ. ಅವಳು ಹತ್ತಿರ ಹೋದರೆ ಪರದೆಯ ಮೇಲಿನ ಕಿಟಕಿಯನ್ನು ಕೆಳಗಿಳಿಸುತ್ತಿದ್ದ. ಎರಡು ಫ್ಲಾಪಿಗಳನ್ನು ಯಾವಾಗಲೂ ಮೇಲಂಗಿಯ ಜೇಬಿನಲ್ಲೇ ಇಟ್ಟುಕೊಂಡಿರುತ್ತಿದ್ದ. ಈ ಮೊದಲೂ ಹೀಗೇ ಇದ್ದನೋ, ಈಗಷ್ಟೇ ಹೀಗಾದನೋ ನೆನಪಿಸಿಕೊಳ್ಳಲು ಹೋದರೆ ಅವಳಿಗೆ ಗೊತ್ತಾಗಲಿಲ್ಲ.

ಬುಧವಾರ ಅವಳು ಲಿಸ್ಟಿನಲ್ಲಿ ಆ ಬ್ರಾಕೆಟ್ಟಿನ ಸಾಲಿಗೆ ಹೋಗಿ ಕೂತಳು. ಎಚ್‌ಬಿ-118, ಪಕ್ಕದಲ್ಲಿ 'ಸಿ'. ಮೌಸ್ ಬಾಣವನ್ನು ಅದರ ಮೇಲೆ ಸುಮ್ಮನೆ ನಿಲ್ಲಿಸಿದಾಗ ಹಳದಿ ಚೀಟಿಯಂಥದ್ದು ಮೂಡಿತು. ಅದರಲ್ಲಿ ಕಡತದ ದಾರಿ, ಕೊನೆಯಲ್ಲಿ 'ಎಚ್‌ಬಿ118_ಬಿ'. ಕೋಶದ ಮೇಲೆ ಮೌಸಿನ ಬಲಗುಂಡಿ ಒತ್ತಿ ಕೊಂಡಿಯನ್ನು ತಿದ್ದುವ ಕಿಟಕಿ ತೆರೆದಳು. ಮೇಲಿನ ಪೆಟ್ಟಿಗೆಯಲ್ಲಿ ಕಣ್ಣಿಗೆ ಕಾಣುವ ಅಕ್ಷರ, 'ಸಿ'. ಕೆಳಗಿನದರಲ್ಲಿ ಹೋಗಿ ಮುಟ್ಟುವ ಕಡತ, 'ಬಿ'. ಫೋಲ್ಡರಿನಲ್ಲಿ 'ಸಿ' ಕಡತವೂ ಇತ್ತು, ಮಾರ್ಚ್ 28ರದ್ದು, ಮುತ್ತುರಾಜನೇ ಬರೆದದ್ದು. ಅದನ್ನು ಬಿಟ್ಟು ಹಳೆಯದಕ್ಕೆ ಯಾರೋ ಬೇಕೆಂದೇ ದಾರಿ ತಿರುಗಿಸಿದ್ದಾರೆ ಅಂದುಕೊಂಡಳು. ಯಾರು ಅಂತ ಕೇಳಿಕೊಳ್ಳುವುದೇನಿತ್ತು.

ಊಟದ ಹೊತ್ತಿಗೆ ಮುತ್ತುರಾಜ ಕೈ ತೊಳೆಯಲು ಹೋದ. ಸೆಕೆಗೆ ಬಿಚ್ಚಿಟ್ಟ ಅವನ ಮೇಲಂಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಶೈಲಶ್ರೀ ಜೇಬಿಗೆ ಕೈ ಹಾಕಿ ಒಂದು ಫ್ಲಾಪಿ ತೆಗೆದು ತನ್ನ ಕಂಪ್ಯೂಟರಿಗೆ ತುರುಕಿದಳು. ಡ್ರೈವು ಗರಗರ ಸದ್ದು ಮಾಡಿತು. ಒಳಗಿದ್ದದ್ದು ಮೂರೇ ಕಡತ: ಅವನ ಬಯೋಡೇಟಾ, ಒಂದು ಅರ್ಜಿ, ತಂಗಿಯ ಮದುವೆಗೆ ಕರೆಯಬೇಕಾದವರ ಪಟ್ಟಿ.

"ಏನ್ ಹುಡುಕ್ತಿದ್ದೀರಾ ಶೈಲಶ್ರೀ?"

ಅವನು ಒದ್ದೆ ಕೈಯಲ್ಲೇ ಹಿಂದೆ ನಿಂತಿದ್ದ. ಅವನೇ ಬಗ್ಗಿ ಫ್ಲಾಪಿ ಹೊರತೆಗೆದು ಮೇಲಂಗಿ ತೊಟ್ಟುಕೊಂಡ.

"ಸಾರ್ ಹೇಳಿದ್ರಾ?" ಎಂದ. "ಕೇಳಿದ್ರೆ ನಾನೇ ಕೊಡ್ತಿದ್ನಲ್ಲ" ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಗೆ ಹೋದ.

ಅವಳಿಗೆ ನಾಚಿಕೆಯಾಯಿತು. ಆದರೂ ಅನುಮಾನ ಬಿಡಲಿಲ್ಲ. ಕಳ್ಳತನ ಮಾಡುವವನು ಫ್ಲಾಪಿಯಲ್ಲೇ ಇಟ್ಟುಕೊಂಡಿರುತ್ತಾನೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶುಕ್ರವಾರ ಬೆಳಿಗ್ಗೆ ಬದರಿನಾಥ್ ಒಂದು ಕಾಗದ ಟೈಪ್ ಮಾಡಲು ಕೊಟ್ಟರು. ಬ್ರಾಕೆಟ್ಟಿನ ತಪ್ಪು ತನ್ನದೇ ಎಂದು ಮುತ್ತುರಾಜ ಒಪ್ಪಿಕೊಂಡಂತೆ ಅದರಲ್ಲಿ ಬರೆದಿತ್ತು.

"ಇದಕ್ಕೆ ಸೈನ್ ಹಾಕಿದ್ರೆ ರಿಲೀವಿಂಗ್ ಲೆಟರ್ ಕೊಡೋಣ. ಗಿರಾಕಿಗೂ ಒಂದು ಉತ್ರ ಸಿಕ್ಕ ಹಾಗಾಯ್ತು" ಎಂದರು.

"ಅವರು ಒಪ್ಪ್ಯಾರೇನ್ರಿ ಸರ್?"

"ಒಪ್ತಾನೆ. ಲೆಟರ್ ಇಲ್ದೆ ಆ ಕಡೆ ಸೇರಿಸ್ಕೊಳಲ್ಲ."

ಟೈಪ್ ಮಾಡುತ್ತ ಅವಳ ಬೆರಳು ನಿಂತಿತು. ಅಕ್ಷರ ಒಂದು, ಕಡತ ಇನ್ನೊಂದು ಆಗಲು ಕೊಂಡಿಯನ್ನೇ ತಿರುಗಿಸಬೇಕೇ ಎಂಬ ಪ್ರಶ್ನೆ ಕೊರೆಯಿತು. ಖಾಲಿ ಹಾಳೆಯೊಂದನ್ನು ತೆರೆದಳು. ಒಂದು ಕೋಶದಲ್ಲಿ 'ಬಿ' ಎಂದು ಬರೆದು ಬಿ ಕಡತಕ್ಕೆ ಕೊಂಡಿ ಹಾಕಿದಳು. ಆಮೇಲೆ ಬಾಣದ ಕೀಲಿಯಿಂದ ಆ ಕೋಶಕ್ಕೆ ಹೋಗಿ, ಮೌಸು ಮುಟ್ಟದೆ, ಅದರ ಮೇಲೇ 'ಸಿ' ಎಂದು ಬರೆದು ಎಂಟರ್ ಒತ್ತಿದಳು. ಅಕ್ಷರ ಬದಲಾಯಿತು. ನೀಲಿ ಹಾಗೇ ಉಳಿಯಿತು, ಗೆರೆ ಹಾಗೇ ಉಳಿಯಿತು. ಒತ್ತಿ ನೋಡಿದಳು. ತೆರೆದದ್ದು 'ಬಿ'.

ಅಂದರೆ ಯಾರೂ ದಾರಿ ತಿರುಗಿಸಿರಲೇ ಇಲ್ಲ. ಮೇಲಿನ ಅಕ್ಷರವನ್ನಷ್ಟೇ ಬದಲಿಸಿದ್ದರು. ಅದಕ್ಕೆ ಕೊಂಡಿ ಹಾಕುವ ವಿದ್ಯೆ ಗೊತ್ತಿರಬೇಕಾಗಿಯೂ ಇಲ್ಲ. ಬರೆಯಲು ಬಂದರೆ ಸಾಕು. ಮುತ್ತುರಾಜನಿಗೆ ಮಾತ್ರ ಗೊತ್ತಿತ್ತು ಅನ್ನುವ ಮಾತಿಗೆ ಈಗ ಅರ್ಥವೇ ಇರಲಿಲ್ಲ.

ಕಾಗದ ಪಕ್ಕಕ್ಕಿಟ್ಟು ಆ ಗಿರಾಕಿಯ ಹಾಳೆಯಲ್ಲಿದ್ದ ಎಲ್ಲ ಕೋಶಗಳ ಮೇಲೂ ಒಂದೊಂದಾಗಿ ಬಾಣ ನಿಲ್ಲಿಸುತ್ತ ಹೋದಳು. ಇನ್ನೊಂದು ಕೋಶದಲ್ಲೂ ಇದೇ ಕಥೆ. ಮೂರನೆಯದು, ಎಚ್‌ಬಿ-130, ಬೇರೆಯೇ ಇತ್ತು. ಒತ್ತಿದರೆ 'ಕಡತ ತೆರೆಯಲಾಗದು' ಎಂಬ ಸಂದೇಶ ಬಂತು. ತಿದ್ದುವ ಕಿಟಕಿ ತೆರೆದಳು. ಉಳಿದೆಲ್ಲ ಕೊಂಡಿಗಳಲ್ಲಿ ಬರೀ ಕಡತದ ಹೆಸರಿತ್ತು, ಲಿಸ್ಟೂ ಡ್ರಾಯಿಂಗೂ ಒಂದೇ ಫೋಲ್ಡರಿನಲ್ಲಿದ್ದುದರಿಂದ. ಇದರಲ್ಲಿ ಪೂರ್ತಿ ದಾರಿಯೇ ಇತ್ತು: ಡಿ ಡ್ರೈವು, ಅದರೊಳಗೆ 'ಬದರಿ' ಎಂಬ ಫೋಲ್ಡರು, ಅದರೊಳಗೆ ಡ್ರಾಯಿಂಗು. ಡಿ ಡ್ರೈವು ಇದ್ದ ಕಂಪ್ಯೂಟರು ಕಾರ್ಖಾನೆಯಲ್ಲಿ ಒಂದೇ ಒಂದು. ಅದು ಕ್ಯಾಬಿನ್ನಿನದು.

ಮೂರೂ ಸಾಲುಗಳ ಎದುರು ತಿದ್ದುಪಡಿಯ ತಾರೀಖು ಮಾರ್ಚ್ 12 ಎಂದಿತ್ತು. ಆ ವಾರ ಗುಣಮಟ್ಟ ಪರೀಕ್ಷಿಸುವ ಆಡಿಟರ್ ಬಂದಿದ್ದರು. ಅವಳು ತಾಯಿಯ ಕಣ್ಣಿನ ಆಪರೇಷನ್ನಿಗೆ ಊರಿಗೆ ಹೋಗಿದ್ದಳು. ಹಾಜರಿ ಪುಸ್ತಕ ತಿರುವಿದಳು. ಮುತ್ತುರಾಜ ಹನ್ನೊಂದು, ಹನ್ನೆರಡು ಎರಡೂ ದಿನ ಹೊಸೂರಿನ ಗಿರಾಕಿಯ ಬಳಿ ಇದ್ದ.

ಇಷ್ಟು ದಿನ ಅನುಮಾನಪಡುವುದು ಸುಲಭವಾಗಿತ್ತು, ಯಾಕೆಂದರೆ ಅನುಮಾನ ಬಿದ್ದದ್ದು ಬಿಟ್ಟು ಹೋಗುವವನ ಮೇಲೆ. ಈಗ ಅದು ಸಂಬಳ ಕೊಡುವವರ ಮೇಲೆ ಬಿತ್ತು. ಹೇಳಿದರೆ ತನ್ನ ಕೆಲಸಕ್ಕೇ ಕುತ್ತು. ಸುಮ್ಮನಿದ್ದರೆ ಸಂಜೆಯೊಳಗೆ ಮುತ್ತುರಾಜ ಸಹಿ ಹಾಕುತ್ತಾನೆ.

ಟೈಪ್ ಮುಗಿಸದ ಕಾಗದವನ್ನೇ ಹಿಡಿದುಕೊಂಡು ಕ್ಯಾಬಿನ್ನಿಗೆ ಹೋದಳು.

"ಸರ್, ನಿಮ್ಮ ಕಂಪ್ಯೂಟರ್‌ನ್ಯಾಗ ಆ ಲಿಸ್ಟ್ ತೆಗೀರಿ. ಎಚ್‌ಬಿ-130 ಒತ್ತ್ರಿ."

ಬದರಿನಾಥ್ ಕನ್ನಡಕ ಏರಿಸಿ ಒತ್ತಿದರು. ಡ್ರಾಯಿಂಗ್ ತಟ್ಟನೆ ತೆರೆಯಿತು.

"ಸರಿಯಾಗೇ ಇದ್ಯಲ್ಲ?"

"ಇಲ್ಲಿ ಅಷ್ಟೇ ತೆರೀತೈತ್ರಿ ಸರ್. ನನ್ನ ಕಂಪ್ಯೂಟರ್‌ನ್ಯಾಗ ತೆರಿಯಂಗಿಲ್ಲ, ಉಗ್ರಪ್ಪ ಅವರದ್ರಾಗೂ ತೆರಿಯಂಗಿಲ್ಲ. ಯಾಕಂದ್ರ ಅದು ಹೋಗೂದು ನಿಮ್ಮ ಫೋಲ್ಡರಿಗೆ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆಡಿಟರ್ ಬರೋ ದಿನ ಹೊಸ ಡ್ರಾಯಿಂಗ್ ಇನ್ನೂ ರೆಡಿ ಇರ್ಲಿಲ್ಲ" ಎಂದರು ತಗ್ಗಿದ ದನಿಯಲ್ಲಿ. "ಲಿಸ್ಟಲ್ಲಿ 'ಸಿ' ಅಂತ ಇರ್ಲೇಬೇಕಿತ್ತು. ಒಂದು ಡ್ರಾಯಿಂಗನ್ನ ಗಿರಾಕಿಯವ್ರೇ ಕಳ್ಸಿದ್ರು, ಅದನ್ನ ನನ್ನ ಫೋಲ್ಡರಲ್ಲಿ ಹುಡುಕಿ ಸೇರಿಸ್ದೆ. ಉಳಿದೆರಡಕ್ಕೆ ಅಕ್ಷರ ಬದಲಾಯಿಸ್ದೆ. ಅಕ್ಷರ ಬದಲಾದ್ರೆ ಲಿಂಕೂ ಬದಲಾಗತ್ತೆ ಅಂದ್ಕೊಂಡೆ."

"ಆಮ್ಯಾಲ ಮುತ್ತುರಾಜ ಅವರು ಹೊಸಾದು ಬರದು ಫೋಲ್ಡರಿಗೆ ಹಾಕಿದ್ರು. ಲಿಸ್ಟಿನ್ಯಾಗ ಸಿ ಅಂತ ಇದ್ದೇ ಇತ್ತು, ಅದಕ್ಕ ನಾನೂ ಒತ್ತಿ ನೋಡ್ಲಿಲ್ರಿ. ಅದು ನನ್ನ ತಪ್ಪು. ಬ್ರಾಕೆಟ್ ವಾಪಸ್ ಬಂದಾಗ ನಿಮಗ ನೆನಪಾಗ್ಲಿಲ್ಲೇನ್ರಿ ಸರ್?"

ಅವರು ಕೈ ಚಾಚಿ ಅವಳಿಂದ ಆ ಕಾಗದ ಇಸಿದುಕೊಂಡು ನಾಲ್ಕು ಮಡಿಕೆ ಮಾಡಿ ಡ್ರಾಯರಿನೊಳಗೆ ಹಾಕಿದರು.

"ಅವನನ್ನ ಕಳ್ಸು" ಎಂದರು. "ಗಿರಾಕಿಗೆ ಕಾಗದ ನಾನೇ ಬರೀತೀನಿ."

ಮುತ್ತುರಾಜ ಒಳಗೆ ಹೋಗಿ ಹತ್ತು ನಿಮಿಷಕ್ಕೆ ರಿಲೀವಿಂಗ್ ಲೆಟರ್ ಹಿಡಿದು ಹೊರಬಂದ. ಒಳಗೆ ಏನು ಮಾತಾಯಿತೋ ಅವಳಿಗೆ ತಿಳಿಯಲಿಲ್ಲ. ತನ್ನ ಸ್ಕೇಲು, ಪೆನ್ಸಿಲ್ಲು, ಟೀ ಕಪ್ಪು ಜೋಡಿಸಿಕೊಂಡ. ಉಗ್ರಪ್ಪನ ಬೆನ್ನು ತಟ್ಟಿ "ಬರ್ತೀನಿ ಗುರೂ" ಎಂದ. ಶೈಲಶ್ರೀಯ ಮೇಜಿನ ಬಳಿ ಬಂದಾಗ ಅವಳು ಎದ್ದು ನಿಂತಳು.

"ಅವತ್ತು ಜೇಬಿಗೆ ಕೈ ಹಾಕಿದ್ದು ತಪ್ಪಾತ್ರಿ" ಎಂದಳು.

"ಆಯ್ತು ಬಿಡಿ" ಎಂದ ಅವನು. ಮುಖ ಮಾತ್ರ ಸಡಿಲಾಗಲಿಲ್ಲ. ಗೇಟಿನಾಚೆ ಅವನ ಸ್ಕೂಟರ್ ಎರಡು ಸಲ ಒದ್ದ ಮೇಲೆ ಹತ್ತಿಕೊಂಡಿತು.

ಅವಳು ಕೂತು ಮೂರೂ ಕೊಂಡಿಗಳನ್ನು ತಿದ್ದಿದಳು. ಎಚ್‌ಬಿ-130ರ ಡ್ರಾಯಿಂಗನ್ನು ಕ್ಯಾಬಿನ್ನಿನಿಂದ ತರಿಸಿ ಎಲ್ಲವುಗಳ ಜೊತೆ ಒಂದೇ ಫೋಲ್ಡರಿಗೆ ಸೇರಿಸಿದಳು. ಆಮೇಲೆ ಮೊದಲ ಹಾಳೆಗೆ ಹಿಂದಿರುಗಿ ಇನ್ನೊಬ್ಬ ಗಿರಾಕಿಯ ಹೆಸರನ್ನು ಒತ್ತಿ, ಅಲ್ಲಿನ ಮೊದಲನೇ ಸಾಲಿನಿಂದ ಒಂದೊಂದೇ ತೆರೆದು, ಡ್ರಾಯಿಂಗಿನ ಕೆಳಮೂಲೆಯ ಅಕ್ಷರವನ್ನು ಓದತೊಡಗಿದಳು.