ತಾಂಡ್ಯದ ಗೋಡೆಯ ಮೇಲೆ ಸತ್ತ ಜೋಕು

ನಾನು ಕನ್ನಡಕ್ಕೆ ತಂದ ಜೋಕೊಂದನ್ನು ಕೇಳಿ ಕಪಿಲಾ ನದಿ ನಗುತ್ತಾ ಎರಡು ದಿನ ಹಿಂದಕ್ಕೆ ಹರಿದಿತ್ತು. ಇತ್ತ ನಮ್ಮ ನರಸೀಪುರದ ಸಂಗಮದಲ್ಲಿ ಕಾವೇರಿ ಕಾದು ಕಾದು ಒಬ್ಬಳೇ ಹೊರಟುಹೋದಳು. ಅಂಥ ಅನುವಾದಕ ನಾನು, ನರೇಂದ್ರ.

ಇಂಥವನನ್ನು ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ವಿಚಾರಣೆಗೆ ಕರೆದಿದ್ದರು. ತಗಡು ಎತ್ತುವ ಬಿಳಿಗೆರೆಯ ನಂಜೇಶ ಬರಿಗೈಯಲ್ಲಿ ಕೆಲಸಕ್ಕಿಳಿದು ಮೂರು ಬೆರಳು ಸೀಳಿಕೊಂಡಿದ್ದ. ನಿಯಮ ಮುರಿದನೆಂದು ಕೆಲಸದಿಂದ ತೆಗೆಯುವ ಮಾತು ನಡೆದಿತ್ತು.

“ಗೋಡೆ ಮೇಲೇ ಬರ್ದಿತ್ತಲ್ಲ ಸಾ,” ಎಂದ ಅವನು, ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು.

ಗೋಡೆಯ ಸುರಕ್ಷತಾ ಬೋರ್ಡಿಗೆ ಅದನ್ನು ಕನ್ನಡದಲ್ಲಿ ಬರೆದುಕೊಟ್ಟದ್ದು ನಾನೇ. ಮೊಬೈಲಿನಲ್ಲಿ ಓಡಾಡುವ, ಇಂಗ್ಲಿಷಿನಿಂದ ಬಂದ ಮೀಮ್ ಜೋಕು ಅದು:

ಯಾರೂ ಇಲ್ಲ:
ಖಂಡಿತವಾಗಿಯೂ ಯಾರೂ ಇಲ್ಲ:
ಆ ಒಬ್ಬ ವ್ಯಕ್ತಿ: ನನಗೆ ಗ್ಲೌಸ್ ಅಗತ್ಯವಿಲ್ಲ.

“ಅದು ತಮಾಷೆ ಕಣ್ರೀ!” ಎಂದರು ಮ್ಯಾನೇಜರ್ ಸುಚೇತಾ ಮೇಡಂ. “ನರೇಂದ್ರ ಅವರೇ, ಕನ್ನಡದಲ್ಲಿ ಸರಿಯಾಗೇ ಇದೆ ತಾನೆ?”

“ಒಂದೊಂದು ಪದವನ್ನೂ ಚಿನ್ನದ ತಕ್ಕಡೀಲಿ ತೂಗಿದ್ದೀನಿ ಮೇಡಂ!”

ಟೀ ತಂದ ಕ್ಯಾಂಟೀನಿನ ಜವರಮ್ಮ ಬೋರ್ಡನ್ನೇ ನೋಡಿದಳು. “ಇದ್ರಲ್ಲಿ ನಗೋದು ಎಲ್ಲೈತೆ ಸಾ? ಸೂಪರ್‌ವೈಜರ್ ಯಾರೂ ಇಲ್ದಾಗ ಗ್ಲೌಸ್ ಬ್ಯಾಡ ಅಂತ ಆಡ್ರು ಕೊಟ್ಟಂಗೈತೆ.”

ವಿವರಿಸಿದೆ. ‘ಯಾರೂ ಇಲ್ಲ’ ಎಂಬುದರ ಮುಂದಿನ ಖಾಲಿ ಜಾಗವೇ ಮೌನ. ಯಾರೂ ಬಾಯಿ ಬಿಟ್ಟಿಲ್ಲ ಅಂತ ಅರ್ಥ. ಆಮೇಲೆ ಒಬ್ಬ ಪೆದ್ದ ಕೇಳದೆಯೇ ಒದರುತ್ತಾನೆ. ಮೊಬೈಲಿನಲ್ಲಿ ಇಂಥವನ್ನು ನೂರು ಸಲ ನೋಡಿದವನಿಗೆ ಆ ಅಚ್ಚು ಕಂಡ ಕೂಡಲೇ ನಗು. ಹೇಳುತ್ತಾ ಹೇಳುತ್ತಾ ನನ್ನ ದನಿ ಕುಗ್ಗಿತು. ಇಲ್ಲಿ ಆ ಅಚ್ಚು ಯಾರಿಗೆ ಗೊತ್ತು? ‘ಅಗತ್ಯವಿಲ್ಲ’ ಎಂಬುದು ಪೆದ್ದನ ಬಾಯಿಯ ಮಾತೂ ಅಲ್ಲ, ಸುತ್ತೋಲೆಯ ಮಾತು. ಕಾರ್ಖಾನೆಯ ಗೋಡೆಯ ಮೇಲೆ ಪುಸ್ತಕದ ಕನ್ನಡ ಕಂಡರೆ ಕೆಲಸಗಾರ ನಗುವುದಿಲ್ಲ, ಪಾಲಿಸುತ್ತಾನೆ.

“ಅಂಗಾದ್ರೆ ಅಂಗೇ ಬರೀಬೇಕಪ್ಪ,” ಎಂದಳು ಜವರಮ್ಮ. “ಯಾರೂ ಕೇಳ್ನಿಲ್ಲ. ಕೇಳೋರೂ ಇಲ್ಲ. ನಮ್ಮಾವ ಮಾತ್ರ: ‘ಇಪ್ಪತ್ತು ವರ್ಸ ಪಳಗಿರೋ ಕೈ ಕಣ್ಲಾ ಇದು, ಇದ್ಕೆ ಗ್ಲೌಸಾ?’ ಪಕ್ಕದಲ್ಲಿ ಕೈಗೆ ಕಟ್ಟು ಹಾಕ್ಕಂಡಿರೋ ಅದೇ ಮಾವಂಗೆ ಅತ್ತೆ ತುತ್ತಿಡ್ತಿರೋ ಪಟ ಹಾಕ್ರಿ.”

ನಂಜೇಶನಿಗೂ ನಗು ಉಕ್ಕಿತು; ಮರುಕ್ಷಣ ನೋವಿಗೆ ಮುಖ ಹಿಂಡಿದ.

“ನಾನೂ ಇದನ್ನೇ ಬರೆಯಬೇಕೆಂದಿದ್ದೆ!” ಎಂದೆ.

ಮೇಡಂ ನನ್ನತ್ತ ತಿರುಗಿದರು. “ಇಷ್ಟೆಲ್ಲ ಗೊತ್ತಿದ್ದೂ ಹಾಗೆ ಬರೆದಿರಾ?”

ಗೊತ್ತಿತ್ತು ಎಂದರೆ ಪಾಪಿ, ಇಲ್ಲವೆಂದರೆ ದಡ್ಡ. ಸುಮ್ಮನಿದ್ದರೆ ನಂಜೇಶನ ಕೆಲಸ ಹೋಗುತ್ತದೆ.

“ಗೊತ್ತಿರಲಿಲ್ಲ ಮೇಡಂ. ಇಂಗ್ಲಿಷಿನದು ನನಗೂ ಅರ್ಥವಾಗಿರಲಿಲ್ಲ. ಕೊಡುವಾಗ ನೀವು ನಕ್ಕಿರಿ, ನಾನೂ ನಕ್ಕೆ. ಮೊಬೈಲಿನ ಅನುವಾದದ ಆ್ಯಪ್‌ಗೆ ಹಾಕಿದೆ, ಅದು ಕೊಟ್ಟದ್ದನ್ನು ಹಾಗೇ ಅಂಟಿಸಿದೆ. ಈಗ ವಿವರಿಸಿದೆನಲ್ಲ, ಅದನ್ನೂ ಇವನಿಗೆ ಏಟಾದ ಮೇಲೆ ನನ್ನ ಮಗಳು ಸಮೀಕ್ಷಾಳನ್ನು ಕೇಳಿ ತಿಳಿದದ್ದು. ತಪ್ಪು ನಂಜೇಶನದಲ್ಲ. ಬರೆದುಕೊಳ್ಳಿ, ಸಹಿ ಹಾಕುತ್ತೇನೆ.”