ಭಾವ ಮುಟ್ಟದ ಜಾಯಿಂಟು

ದಿನಗೂಲಿ ಬಿಟ್ಟು ಇಡೀ ಮನೆಯ ಪೈಪಿನ ಕೆಲಸ ಗುತ್ತಿಗೆ ಹಿಡಿದರೂ ಪ್ಲಂಬರನ ಕೈ ಸುಮ್ಮನಿರಲಿಲ್ಲ. ಸಂಬಳಕ್ಕಿಟ್ಟುಕೊಂಡ ಭಾವಮೈದುನ ಅಂಟಿಸಿದ ಜಾಯಿಂಟುಗಳನ್ನು ಕತ್ತರಿಸಿ ತಾನೇ ಮತ್ತೆ ಅಂಟಿಸುತ್ತಿದ್ದ.

“ಭಾವ, ಎಲ್ಲಾ ನೀವೇ ಮಾಡೋದಾದ್ರೆ ನಾನ್ಯಾಕೆ, ನಿಮ್ಮ ಚೀಲ ಹೊರೋಕಾ? ನಾಳೆಯಿಂದ ಬೇರೆ ಕಡೆ ಹೋಗ್ತೀನಿ.”

ಅವನು ಹೋದರೆ ಒಬ್ಬನಿಂದ ಎರಡು ಮನೆ ಆಗದೆ ಪಕ್ಕದ ಬೀದಿಯ ಹೊಸ ಮನೆಯ ಕೆಲಸ ಕೈತಪ್ಪುತ್ತಿತ್ತು. ಪ್ಲಂಬರ್ ಕತ್ತರಿಯನ್ನು ಕೆಳಗಿಟ್ಟ.

“ಅಂಟು ಒಣಗಲಿ. ಗೋಡೆ ಮುಚ್ಚೋಕೆ ಮುಂಚೆ ಪೈಪಿಗೆ ನೀರು ತುಂಬಿ ಪಂಪಿನಲ್ಲಿ ಒತ್ತಡ ಕೊಡೋಣ. ಮೀಟರಿನ ಮುಳ್ಳು ಇಳೀಲಿಲ್ಲ ಅಂದ್ರೆ ಎಲ್ಲೂ ಸೋರ್ತಿಲ್ಲ ಅಂತ, ಆಮೇಲೆ ನಾನು ಮುಟ್ಟಲ್ಲ.”

ಮರುದಿನ ಇಬ್ಬರೂ ಮುಳ್ಳನ್ನೇ ನೋಡುತ್ತ ಬುತ್ತಿ ಮುಗಿಸಿದರು. ಅದು ಅಲ್ಲಾಡಲಿಲ್ಲ.

“ಕಣ್ಣು ಮಿಟುಕಿಸಿ ಭಾವ, ಅದು ಓಡಿಹೋಗಲ್ಲ.”

ಅಷ್ಟರಲ್ಲಿ ಪಕ್ಕದ ಬೀದಿಯ ಯಜಮಾನಿಯ ಫೋನು ಬಂತು. “ನೀವೇ ಬಂದು ಮಾಡಬೇಕಪ್ಪ.”

‘ನಾನೇ ಬರ್ತೀನಮ್ಮ’ ಎಂಬುದು ಪ್ಲಂಬರನ ನಾಲಿಗೆಯ ಅಭ್ಯಾಸ. ಈ ಸಲ ಅದನ್ನು ನುಂಗಿಕೊಂಡ.

“ನಮ್ಮವರು ಬರ್ತಾರಮ್ಮ. ಒತ್ತಡ ಕೊಟ್ಟು, ನಿಮಗೆ ತೋರಿಸಿಯೇ ಗೋಡೆ ಮುಚ್ಚೋದು. ಸೋರಿದ್ರೆ ಹೊಣೆ ನಂದು.”

ಆಕೆ ಒಪ್ಪಿದಳು.

“ಯಾರು ಭಾವ, ಆ ನಮ್ಮವರು?”

“ನೀನೇ. ಜೊತೆಗೆ ಇನ್ನೊಬ್ಬರನ್ನ ಹುಡುಕು.”

“ನೀವು?”

“ನಾನು ಮೂರನೇ ಮನೆಯ ಕೆಲಸ ಮಾತಾಡೋಕೆ ಹೋಗ್ತೀನಿ.”